ಇನ್ನೊಂದು ಸ್ಕೂಪ್

ಅಂಗಡಿಯ ಮುಂಗಾಜಿನ ಮೇಲಿನ ಚಿತ್ರದಲ್ಲಿ ಕಡ್ಡಿ ಎರಡು ಸಲ ನಿಂತಿದ್ದ. ಎಡಗಡೆಯವನ ಪಕ್ಕೆಲುಬುಗಳನ್ನು ರಸ್ತೆಯ ಆಚೆಯಿಂದಲೇ ಎಣಿಸಬಹುದಿತ್ತು. ಬಲಗಡೆಯವನಿಗೆ ಎದೆ ಇತ್ತು, ತೋಳಿತ್ತು, ಎಣ್ಣೆ ಹಚ್ಚಿದ ಮಿಂಚಿತ್ತು, ಕೈಯಲ್ಲಿ ತಲೆದಿಂಬಿನಷ್ಟು ದಪ್ಪದ ಡಬ್ಬಿ ಇತ್ತು. ಇಬ್ಬರ ನಡುವೆ ಒಂದು ಕೆಂಪು ಬಾಣ. ಆ ಗಾಜಿನ ಒಳಮಗ್ಗುಲಲ್ಲಿ ಮೂರನೆಯ ಕಡ್ಡಿ ಸ್ಟೂಲಿನ ಮೇಲೆ ಕೂತು, ಮೈ ಹತ್ತಬೇಕೆನ್ನುವವರಿಗೆ ಪುಡಿ ಮಾರುತ್ತಿದ್ದ. ಅವನೀಗ ಗಟ್ಟಿಮುಟ್ಟಾಗಿ ಕಂಬದಂತಿದ್ದರೂ ಹೆಸರು ಮಾತ್ರ ಕಡ್ಡಿಯೇ. ಹೆಸರಿಗೆ ಯಾವ ಪುಡಿಯೂ ಹತ್ತುವುದಿಲ್ಲ.

ಅಂಗಡಿ ಅವನ ಭಾವನದು. ಹಿಂದುಗಡೆಯ ಕನ್ನಡಿ ಗೋಡೆಯ ಜಿಮ್ಮೂ ಭಾವನದೇ. ಮೇಲಿನ ಮಹಡಿಯಲ್ಲಿ ಅಕ್ಕ, ಭಾವ, ಅವರ ಒಬ್ಬಳೇ ಮಗಳು ಪುಟ್ಟಿ, ಮತ್ತು ಮೆಟ್ಟಿಲ ಪಕ್ಕದ ಸಣ್ಣ ಕೋಣೆಯಲ್ಲಿ ಕಡ್ಡಿ. ಬೀದಿಗೆಲ್ಲ ಭಾವ ಎಂದರೆ ಕೋಚ್. ಕಲ್ಲು ಕಡೆದಂಥ ಮೈ, ಮಗುವಿನಂಥ ಮನಸ್ಸು. ಯಾರಿಗೂ ಮೋಸ ಮಾಡಿದವನಲ್ಲ. ಅಲ್ಲೇ ಇತ್ತು ನೋಡಿ ತೊಂದರೆ. ಮೋಸಗಾರನ ಹತ್ತಿರ ಜಗಳವಾಡಬಹುದು. ನಂಬಿದವನ ಹತ್ತಿರ ಏನಂತ ಆಡುವುದು?

ಕಡ್ಡಿ ಈ ಮನೆಗೆ ಬಂದಾಗ ಗಾಜಿನ ಎಡಗಡೆಯ ಚಿತ್ರದ ಹಾಗೇ ಇದ್ದ. ಅದಕ್ಕೂ ಮುಂಚೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ಒಂಟಿ ರೂಮು, ಬೆಳಿಗ್ಗೆ ಟೀ, ಮಧ್ಯಾಹ್ನ ಟೀ, ಸಂಜೆ ನೆನಪಾದರೆ ಬನ್ನು. ಭಾವ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ನಾನು ಮನುಷ್ಯನ್ನ ಮಾಡ್ತೀನಿ ಕಣೋ" ಎಂದು ತೊಡೆ ತಟ್ಟಿದ. ಡಬ್ಬಿ ಬಂತು. ದಿನಕ್ಕೆರಡು ಸಲ, ದೊಡ್ಡ ಲೋಟ, ಹಾಲಲ್ಲಿ ಕಲಸಿದ ಚಾಕೊಲೇಟ್ ವಾಸನೆಯ ಗಟ್ಟಿ ಅಂಬಲಿ. ಕಡ್ಡಿಯ ಹೊಟ್ಟೆ ಮೊದಲನೆಯ ದಿನವೇ ನಗಾರಿಯಾಯಿತು. ಎರಡನೆಯ ದಿನ ಅವನು ಪಾಯಖಾನೆ ಬಿಟ್ಟು ಹೊರಬರಲಿಲ್ಲ. ಹಾಲು ಅವನಿಗೆ ಮೊದಲಿಂದಲೂ ಆಗುತ್ತಿರಲಿಲ್ಲ, ಆ ಪುಡಿಯಲ್ಲೂ ಹಾಲಿನ ಅಂಶವಿತ್ತು. ಆದರೆ ಭಾವನ ಉತ್ಸಾಹದ ಮುಂದೆ ಹೊಟ್ಟೆಯ ವಿಷಯ ಹೇಳಲು ನಾಚಿಕೆ. ಹಾಗಾಗಿ ಲೋಟವನ್ನು ಅಡುಗೆಮನೆಗೆ ಒಯ್ದು ಸಿಂಕಿಗೆ ಸುರಿಯತೊಡಗಿದ.

ಹಾಗೆ ಸುರಿದ ಮೊದಲನೆಯ ದಿನವೇ ಅಕ್ಕ ನೋಡಿದಳು. ಬೈಯಲಿಲ್ಲ. ನಲ್ಲಿ ಬಿಟ್ಟು ಸಿಂಕು ತೊಳೆದು, ತಟ್ಟೆ ಹಾಕಿ, "ಕೂತ್ಕೋ" ಎಂದಳು. ಅಷ್ಟೇ. ಅನ್ನ, ಗಟ್ಟಿ ಬೇಳೆ, ಎರಡು ಮೊಟ್ಟೆ, ಹಾಲಿನಷ್ಟು ಕಾಡದ ಗಟ್ಟಿ ಮೊಸರು. ನಡುನಡುವೆ ಬಾಳೆಹಣ್ಣು, ಹುರಿದ ಕಡಲೆಕಾಯಿ, ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ. ಮೊದಮೊದಲು ಅವನಿಗೆ ಅರ್ಧ ತಟ್ಟೆಗೇ ಸಾಕಾಗುತ್ತಿತ್ತು. ಅಕ್ಕ ಬಿಡಲಿಲ್ಲ, ಬಲವಂತವನ್ನೂ ಮಾಡಲಿಲ್ಲ. ಮೂರು ಹೊತ್ತನ್ನು ಐದು ಹೊತ್ತು ಮಾಡಿದಳು. ಕೆಳಗೆ ಜಿಮ್ಮಿನಲ್ಲಿ ಭಾವ ಕಬ್ಬಿಣ ಎತ್ತಿಸಿದ, ಅದರಿಂದ ಹಸಿವು ಕೆರಳಿತು, ಹಸಿದದ್ದಕ್ಕೆ ಅಕ್ಕ ಬಡಿಸಿದಳು. ವರ್ಷ ಕಳೆಯುವಷ್ಟರಲ್ಲಿ ಅಂಗಿಗಳೆಲ್ಲ ಬಿಗಿಯಾದವು. ಭಾವ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಕಣ್ಣಲ್ಲಿ ನೀರು ತಂದುಕೊಂಡ. ಫೋಟೋ ತೆಗೆಸಿದ. ಆ ಫೋಟೋದ ಮೇಲೆ ಅಂಗಡಿ ಎದ್ದಿತು.

"ಹೇಳಿಬಿಡ್ತೀನಿ ಅಕ್ಕ," ಎಂದು ಗಾಜಿಗೆ ಚಿತ್ರ ಅಂಟಿಸುವ ಹಿಂದಿನ ದಿನ ಕಡ್ಡಿ ಅಂದಿದ್ದ.

"ಅವರ ಮುಖ ನೋಡೋ ಒಂದ್ಸಲ," ಎಂದಳು ಅಕ್ಕ. "ಮದುವೆಯಾದಾಗಿಂದ ಅವರು ಇಷ್ಟು ಖುಷಿಯಾಗಿ ಇದ್ದಿದ್ದು ನಾನು ನೋಡಿಲ್ಲ. ಯಾರಿಗೇನು ನಷ್ಟ? ಕುಡಿದವರು ಸಾಯ್ತಾರಾ?"

ಯಾರೂ ಸಾಯುವುದಿಲ್ಲ ಎಂದು ಕಡ್ಡಿಯೂ ಒಪ್ಪಿಕೊಂಡ. ಅಲ್ಲಿಂದ ಅದು ಅವನ ಬಾಯಲ್ಲಿ ಬಿಸಿತುಪ್ಪವಾಗಿ ಕೂತಿತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಬರುವ ಗಿರಾಕಿಗಳನ್ನು ನೋಡಿದರೆ ಅವನಿಗೆ ಗಾಜಿನ ಎಡಗಡೆಯವನೇ ನೆನಪಾಗುತ್ತಿದ್ದ. ಹಾಸ್ಟೆಲ್ ಹುಡುಗರು, ಪಾಳಿ ಕೆಲಸದವರು, ಸೊಸೆ ಸೊರಗಿದ್ದಾಳೆಂದು ಅತ್ತೆಯೇ ಎಳೆತಂದ ಹೆಣ್ಣುಮಕ್ಕಳು. ಎಲ್ಲರೂ ಗಾಜಿನ ಮೇಲಿನವನನ್ನು ನೋಡಿ, ಒಳಗಿನವನನ್ನು ನೋಡಿ, ಮತ್ತೆ ಗಾಜಿನವನನ್ನು ನೋಡುವರು. "ಅಣ್ಣ, ನೀವೇನಾ ಇದು?" ಎಂದು ಒಬ್ಬ ಕೇಳುವನು. ಕಡ್ಡಿ ತಲೆಯಾಡಿಸುವನು. ತಲೆ ಆಡಿಸಿದರೆ ಸುಳ್ಳಲ್ಲವಲ್ಲ, ಚಿತ್ರದಲ್ಲಿರುವವನು ಅವನೇ. "ಬೆಳಿಗ್ಗೆ ಏನು ತಿಂತೀಯ?" ಎಂದು ಒಮ್ಮೊಮ್ಮೆ ಬಾಯಿ ತುದಿಗೆ ಬರುತ್ತಿತ್ತು. ಆದರೆ ಭಾವನ ನಿಯಮ ಒಂದೇ: ಬಂದವನು ಬರಿಗೈಯಲ್ಲಿ ಹೋಗಬಾರದು, ಪಾಪ, ಅಷ್ಟು ಆಸೆ ಇಟ್ಟುಕೊಂಡು ಬಂದಿರುತ್ತಾನೆ. ಹೀಗೆ ಕಡ್ಡಿ ತನ್ನದೇ ಚಿತ್ರದ ಆಳಾಗಿ ಐದು ವರ್ಷ ದುಡಿದ.

ಆ ವರ್ಷ ಪುಟ್ಟಿ ಇಳಿಯತೊಡಗಿದಳು.

ಹದಿನಾರರ ಹುಡುಗಿ, ಶಾಲೆಯ ಓಟದ ತಂಡದವಳು, ಮಾಮ ಎಂದರೆ ಪ್ರಾಣ. ಮೊದಲು ಕೆನ್ನೆ ಹೋಯಿತು. ಆಮೇಲೆ ಸ್ಕರ್ಟಿಗೆ ಪಿನ್ನು ಬಂತು. ಆಟೋಟದಲ್ಲಿ ಯಾವಾಗಲೂ ಮುಂದಿರುತ್ತಿದ್ದವಳು ಅರ್ಧ ದಾರಿಯಲ್ಲಿ ಕಾಲು ಎಳೆಯುತ್ತ ನಿಂತಳಂತೆ. "ಓಡೋ ಮಕ್ಕಳಿಗೆ ಕೊಬ್ಬು ಕರಗುತ್ತೆ, ಸಹಜ," ಎಂದ ಭಾವ. ಮಗಳಿಗೆಂದು ಅಂಗಡಿಯ ಅತ್ಯುತ್ತಮ ಡಬ್ಬಿಯನ್ನೇ ಆರಿಸಿದ. ಮುಂಭಾಗದಲ್ಲಿ 'ಸಕ್ಕರೆ ಸೇರಿಸಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದದ್ದು. ತಾನೇ ಕಲಸಿ, ತಾನೇ ಮುಂದೆ ನಿಂತು ಕುಡಿಸುವನು. "ನಿಮ್ಮ ಮಾಮನ್ನ ನೋಡು. ಅವನು ಹೇಗಿದ್ದ, ಹೇಗಾದ?" ಪುಟ್ಟಿ ಮೂಗು ಹಿಡಿದುಕೊಂಡು ಮಾಮನ ಮುಖವನ್ನೇ ನೋಡುತ್ತ ಗಟಗಟ ಕುಡಿಯುವಳು. ಮಾಮ ಗೋಡೆ ನೋಡುವನು.

ಅಕ್ಕ ಸುಮ್ಮನಿರುವವಳೇ? ತಮ್ಮನನ್ನು ಎತ್ತಿ ನಿಲ್ಲಿಸಿದ ಕೈ ಅದು. ಆ ಕೈಗೆ ತನ್ನ ಮೇಲೆಯೇ ಭರವಸೆ. ಗಂಡ ಕೆಳಗಿಳಿದದ್ದೇ ತಡ, ಒಲೆ ಹಚ್ಚುವಳು. ಅನ್ನದ ಮೇಲೆ ಅನ್ನ, ಮೊಟ್ಟೆಯ ಮೇಲೆ ಮೊಟ್ಟೆ. ಪುಟ್ಟಿ ಬೇಡವೆನ್ನುತ್ತಿರಲಿಲ್ಲ. ತಟ್ಟೆ ಬಳಿದು ತಿಂದು, "ಇನ್ನೂ ಹಸಿವು ಅಮ್ಮ" ಎನ್ನುವಳು. ಅಕ್ಕನಿಗೆ ಅದೇ ಸಮಾಧಾನ. "ತಿಂತಿದಾಳಲ್ಲ, ಮೈ ಹತ್ತುತ್ತೆ ಬಿಡು. ನಿನಗೆ ಹತ್ತಿಲ್ವಾ?" ಎಂದು ಕಡ್ಡಿಗೆ ಪಿಸುಗುಡುವಳು. ಭಾವ ಡಬ್ಬಿಯ ಅಳತೆ ಚಮಚದಲ್ಲಿ ಒಂದು ಸ್ಕೂಪು ಪುಡಿ ಏರಿಸಿದರೆ ಅಕ್ಕ ಒಂದು ಸೌಟು ಏರಿಸುವಳು. ಎರಡೂ ಹೊಟ್ಟೆ ಸೇರಿದ ಹುಡುಗಿ ಮಾತ್ರ ವಾರದಿಂದ ವಾರಕ್ಕೆ ತೆಳ್ಳಗಾದಳು.

ಜೊತೆಗೆ ಬಾಯಾರಿಕೆ. ಶಾಲೆಗೆ ಒಂದು ಬಾಟಲಿ ಒಯ್ಯುತ್ತಿದ್ದವಳು ಮೂರು ಒಯ್ಯತೊಡಗಿದಳು. ಪಾಠದ ನಡುವೆ ಎದ್ದೆದ್ದು ಹೊರಗೆ ಹೋಗುತ್ತಾಳೆಂದು ಟೀಚರು ಗದರಿದರು. "ಇದೇನೋ ಇಷ್ಟೊಂದು ನೀರು?" ಎಂದು ಅಕ್ಕ ಒಂದು ದಿನ ಕೇಳಿದಳು. ಆಗ ಕಡ್ಡಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತನ್ನೇ, ಒಂದು ಕ್ಷಣವೂ ಯೋಚಿಸದೆ ಹೇಳಿದ: "ಪ್ರೋಟೀನ್ ತಗೊಂಡ್ರೆ ನೀರು ಜಾಸ್ತಿ ಬೇಕಾಗುತ್ತೆ ಅಕ್ಕ. ಎಲ್ಲರಿಗೂ ಹಾಗೇ. ಕುಡೀಲಿ ಬಿಡು." ಅಕ್ಕ ನಂಬಿದಳು. ಗಾಜಿನ ಮೇಲಿರುವವನ ಮಾತನ್ನು ನಂಬದೆ ಇನ್ನಾರ ಮಾತು ನಂಬಬೇಕು?

ಒಳಗೊಳಗೇ ಅವನಿಗೆ ಏನೋ ಕೊರೆಯುತ್ತಿತ್ತು. ಆದರೆ ಅವನ ಲೆಕ್ಕ ಇಷ್ಟೇ ದೂರ ಹೋಗುತ್ತಿತ್ತು: ಪುಡಿ ಕೆಲಸಕ್ಕೆ ಬಾರದ್ದು, ಅಕ್ಕನ ಊಟ ಕೆಲಸ ಮಾಡುತ್ತದೆ, ಸ್ವಲ್ಪ ತಡವಾಗಬಹುದು. ತನ್ನ ಮೈಯೇ ಅದಕ್ಕೆ ಸಾಕ್ಷಿ. ಆ ಸಾಕ್ಷಿಯನ್ನು ಮೂವರೂ ನಂಬಿದ್ದರು, ಒಬ್ಬೊಬ್ಬರು ಒಂದೊಂದು ಥರ.

ಅಂಗಡಿಗೆ ಐದು ವರ್ಷ ತುಂಬಿದ ಭಾನುವಾರ ಭಾವ ಜಿಮ್ಮಿನಲ್ಲಿ ಸಮಾರಂಭ ಇಟ್ಟುಕೊಂಡ. ಕಬ್ಬಿಣವನ್ನೆಲ್ಲ ಗೋಡೆಗೆ ಸರಿಸಿ ಕುರ್ಚಿ ಹಾಕಿದರು. ಬಲೂನು, ಮೈಕು, ಬಾಡಿಗೆಯ ಕಾರ್ಪೆಟ್ಟು. ಗಾಜಿಗೆ ಅಂಟಿಸಲು ಹೊಸ ಚಿತ್ರ ಬಂದಿತ್ತು, ಹಳೆಯದಕ್ಕಿಂತ ದೊಡ್ಡದು. ಕಡ್ಡಿ ಎರಡು ಮಾತಾಡಬೇಕಿತ್ತು. ಏನು ಮಾತಾಡಬೇಕೆಂದು ಭಾವನೇ ಹೇಳಿಕೊಟ್ಟಿದ್ದ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಪುಟ್ಟಿ ವಾಂತಿ ಮಾಡಿಕೊಂಡಳು. "ಹೊಟ್ಟೆಗೆ ಹಿಡಿಸಿಲ್ಲ, ಮಲಗಲಿ, ಹನ್ನೊಂದಕ್ಕೆ ಕೆಳಗೆ ಕರ್ಕೊಂಡು ಬಾ," ಎಂದು ಭಾವ ಹೊಸ ಟಿ-ಶರ್ಟ್ ಇಸ್ತ್ರಿ ಮಾಡಿಸಲು ಓಡಿದ.

ಕುರ್ಚಿಗಳು ತುಂಬುತ್ತಿದ್ದಾಗ ಅಂಗಡಿಗೆ ಒಬ್ಬ ಹೆಂಗಸು ಬಂದರು. ನಡುವಯಸ್ಸು, ಹತ್ತಿ ಸೀರೆ, ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ. ಗಾಜಿನ ಚಿತ್ರವನ್ನು ಅವರು ನೋಡಲೇ ಇಲ್ಲ. ನೇರ ಕಪಾಟಿಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ಬೆನ್ನು ಓದತೊಡಗಿದರು. ಐದು ವರ್ಷದಲ್ಲಿ ಡಬ್ಬಿಯ ಬೆನ್ನು ಓದಿದ ಗಿರಾಕಿಯನ್ನು ಕಡ್ಡಿ ನೋಡಿರಲಿಲ್ಲ.

"ಬರೀ ಪ್ರೋಟೀನ್ ಇರೋದು ಕೊಡಿ. ವಾಸನೆ, ಬಣ್ಣ ಬೇಡ," ಎಂದರು. "ನಮ್ಮ ಮಾವನವರಿಗೆ. ದವಡೆ ಆಪರೇಷನ್ ಆಗಿದೆ, ಅಗಿಯೋಕೆ ಆಗಲ್ಲ. ಅವರ ಡಾಕ್ಟರೇ ಬರೆದಿದಾರೆ. ಗಂಜಿಗೆ ಬೆರೆಸಿ ಕೊಡಬೇಕು."

"ಮೈ ಹತ್ತೋಕೆ ಇದು ಚೆನ್ನಾಗಿದೆ ಮೇಡಂ," ಎಂದು ಕಡ್ಡಿಯ ಬಾಯಿ ತನ್ನಷ್ಟಕ್ಕೆ ಹೇಳಿತು. ಕೈ 'ಸಕ್ಕರೆ ಸೇರಿಸಿಲ್ಲ' ಎಂದಿದ್ದ ದೊಡ್ಡ ಡಬ್ಬಿಯತ್ತ ಹೋಯಿತು, ಪುಟ್ಟಿಗೆ ಕೊಡುತ್ತಿದ್ದದ್ದೂ ಅದನ್ನೇ.

ಆಕೆ ನಕ್ಕರು. "ನಾನು ಆಸ್ಪತ್ರೇಲಿ ಆಹಾರ ವಿಭಾಗದಲ್ಲಿ ಇರೋಳು ಕಣಪ್ಪ. ಅದರಲ್ಲಿ ಮುಕ್ಕಾಲು ಪಾಲು ಮಾಲ್ಟೋಡೆಕ್ಸ್‌ಟ್ರಿನ್. ಪಿಷ್ಟದಿಂದ ಮಾಡಿದ ಪುಡಿ. ಸಕ್ಕರೆ ಅಂತ ಬರೀಬೇಕಾಗಿಲ್ಲ, ಆದರೆ ರಕ್ತಕ್ಕೆ ಸೇರೋದು ಸಕ್ಕರೆಯಷ್ಟೇ ಬೇಗ."

"ಮತ್ತೆ ತೆಳ್ಳಗಿರೋರು ಏನು ಮಾಡಬೇಕು?" ಕಡ್ಡಿಗೆ ಏಕೋ ಕೇಳಬೇಕೆನಿಸಿತು. ಯಾರನ್ನೂ ಕೇಳಲಾಗದೆ ಐದು ವರ್ಷ ಕಳೆದಿದ್ದ.

"ತೆಳ್ಳಗಿರೋರೆಲ್ಲ ಒಂದೇ ಅಲ್ವಲ್ಲ. ಮೊದಲಿಂದ ತೆಳ್ಳಗೆ, ತಿನ್ನೋದೇ ಕಡಿಮೆ, ಹೊತ್ತಿಗೆ ಸರಿಯಾಗಿ ತಿನ್ನಲ್ಲ ಅನ್ನೋರಿಗೆ ಮನೆ ಊಟ ಸಾಕು. ಎರಡು ಹೊತ್ತು ಜಾಸ್ತಿ ತಿನ್ನಲಿ, ಬೇಳೆ, ಮೊಟ್ಟೆ, ಕಡಲೆಕಾಯಿ. ಅಷ್ಟೂ ತಿನ್ನೋಕೆ ಪುರುಸೊತ್ತಿಲ್ಲ ಅಂದ್ರೆ ಒಂದು ಲೋಟ ಪುಡಿ ಕುಡೀಲಿ, ವಿಷ ಏನಲ್ಲ. ತಿನ್ನೋಕೇ ಆಗದ ರೋಗಿಗಳಿಗೆ ಇದು ಬೇಕೇ ಬೇಕು." ಆಕೆ ಆರಿಸಿದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಆದರೆ ಚೆನ್ನಾಗಿ ತಿಂದೂ ಮೈ ಇಳೀತಿದ್ರೆ, ಅದು ಅಂಗಡಿ ವಿಷಯಾನೂ ಅಲ್ಲ, ಅಡುಗೆಮನೆ ವಿಷಯಾನೂ ಅಲ್ಲ. ಅಂಥವರನ್ನ ಮೊದಲು ಡಾಕ್ಟರ ಹತ್ರ ಕಳಿಸು."

ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದ ಕಡ್ಡಿಯ ಕೈ ಅಲ್ಲೇ ನಿಂತಿತು.

ತಿಂದೂ ಇಳೀತಿದ್ರೆ. ತಾನು ತಿನ್ನದೆ ತೆಳ್ಳಗಿದ್ದವನು. ಪುಟ್ಟಿ ತಟ್ಟೆ ಬಳಿದು ತಿಂದು ತೆಳ್ಳಗಾಗುತ್ತಿರುವವಳು. ಇಷ್ಟು ಸರಳವಾದ ವ್ಯತ್ಯಾಸ, ಮೂರು ಜನ ದೊಡ್ಡವರು ಒಂದೇ ಮನೆಯಲ್ಲಿದ್ದು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ಮೇಡಂ, ಈ ಪುಡಿ ಕುಡಿದ್ರೆ ಬಾಯಾರಿಕೆ ಆಗುತ್ತಲ್ವಾ? ತುಂಬಾ?"

"ಸ್ವಲ್ಪ ಆಗಬಹುದು. ಎಷ್ಟು ತುಂಬಾ?"

ಅವನು ಹೇಳಿದ. ಬಾಟಲಿಗಳು, ಪಾಠದ ನಡುವೆ ಹೊರಗೆ ಓಡುವುದು, ಪಿನ್ನು ಹಾಕಿದ ಸ್ಕರ್ಟು, ಬೆಳಗಿನ ವಾಂತಿ. ಹೇಳುತ್ತಾ ಹೋದ ಹಾಗೆ ಆಕೆಯ ಮುಖದ ನಗು ಇಳಿಯಿತು.

"ಉಸಿರು ಹೇಗಿದೆ? ಜೋರಾಗಿ, ಓಡಿ ಬಂದೋರ ಥರ?"

"ನೋಡಿಲ್ಲ."

"ಹೋಗಿ ಕರ್ಕೊಂಡು ಬಾ. ಈಗಲೇ. ಪಕ್ಕದ ಮೆಡಿಕಲ್ ಶಾಪಿಂದ ನಾನು ಸಕ್ಕರೆ ನೋಡೋ ಯಂತ್ರ ತಂದಿರ್ತೀನಿ. ಆ ಪುಡಿ ಇನ್ನೊಂದು ಗುಟುಕೂ ಕೊಡಬೇಡ. ನಾಳೆ ಅನ್ನಬೇಡ, ಸಂಜೆ ಅನ್ನಬೇಡ. ಹೋಗು."

ಮೆಟ್ಟಿಲಿಗೆ ಹೋಗಬೇಕಾದರೆ ಜಿಮ್ಮಿನ ಮೂಲಕವೇ ಹಾದು ಹೋಗಬೇಕಿತ್ತು. ಕಡ್ಡಿ ಒಳಗೆ ಕಾಲಿಟ್ಟದ್ದೇ ಚಪ್ಪಾಳೆ ಬಿತ್ತು. ಭಾವ ಮೈಕಿನ ಮುಂದೆ ನಿಂತಿದ್ದ, ಬೆವರಿ ಹೊಳೆಯುತ್ತಿದ್ದ, ಅವನ ಮುಖದಲ್ಲಿ ಮದುವೆಮನೆಯ ಕಳೆ. "ಬಂದ ನೋಡಿ ನಮ್ಮ ಹೀರೋ!" ನಾಲ್ಕು ಕೈಗಳು ಕಡ್ಡಿಯನ್ನು ತಳ್ಳಿ ಮುಂದೆ ಕಳಿಸಿದವು. ಎದುರಿಗೆ ಸಾಲು ಸಾಲು ಸೊರಗಿದ ಮುಖಗಳು, ಮೂರು ಕಡೆಯ ಕನ್ನಡಿಗಳಲ್ಲಿ ಅವೇ ಮುಖಗಳು ಇನ್ನೂ ಸಾಲು ಸಾಲು. ಎಲ್ಲರೂ ಅವನ ತೋಳನ್ನೇ ನೋಡುತ್ತಿದ್ದರು. ಎತ್ತ ತಿರುಗಿದರೂ ಅವನಿಗೆ ಅವನೇ ಕಾಣಿಸಿದ. ಬಾಗಿಲು ಜನರ ಆಚೆಗಿತ್ತು.

"ಭಾವ, ಪುಟ್ಟಿಗೆ ಹುಷಾರಿಲ್ಲ. ಆಸ್ಪತ್ರೆಗೆ ಹೋಗ್ಬೇಕು," ಎಂದು ಕಿವಿಯಲ್ಲಿ ಹೇಳಿದ.

"ಗೊತ್ತು, ಹೊಟ್ಟೆ ಕೆಟ್ಟಿದೆ. ಎರಡು ಮಾತಾಡಿಬಿಡು ಮೊದಲು." ಭಾವ ನಗುತ್ತಲೇ ಹಲ್ಲಿನ ಸಂದಿನಿಂದ ಹೇಳಿದ.

ಕಡ್ಡಿ ಮೈಕು ಹಿಡಿದ. ಎರಡು ಮಾತಾಡಿ ಮುಗಿಸಿದರೆ ಬಿಡುಗಡೆ. ಮೂರು ನಿಮಿಷದ ಕೆಲಸ. ಐದು ವರ್ಷದಿಂದ ಪ್ರತಿಯೊಂದು ಸಲವೂ ಅವನು ಹೀಗೇ ಲೆಕ್ಕ ಹಾಕಿದ್ದ: ಇದೊಂದು ಸಲ ಸುಳ್ಳು ಹೇಳಿಬಿಟ್ಟರೆ ಆಯಿತು. ಅವನಿಗೆ ಒಮ್ಮೆಲೇ ತನ್ನ ಮೇಲೆ ಹೇಸಿಗೆಯಾಯಿತು. ಮೈಕನ್ನು ಭಾವನ ಕೈಗೆ ತುರುಕಿ ಕುರ್ಚಿಗಳ ನಡುವೆ ನುಗ್ಗಿದ. ಯಾರದೋ ಕಾಲು ತುಳಿದ. ಹಿಂದೆ ಗುಸುಗುಸು ಎದ್ದಿತು.

ಮೆಟ್ಟಿಲ ತಿರುವಿನಲ್ಲಿ ಭಾವ ಅವನ ಭುಜ ಹಿಡಿದ. ಆ ಹಿಡಿತದಿಂದ ಬಿಡಿಸಿಕೊಳ್ಳುವುದು ಯಾರಿಂದಲೂ ಆಗುವ ಮಾತಲ್ಲ.

"ಏನೋ ಇದು? ಅಷ್ಟು ಜನರ ಮುಂದೆ ನನ್ನ ಮಾನ ಕಳೀತೀಯಾ?"

"ಇದು ಸಕ್ಕರೆ ಕಾಯಿಲೆ ಇರಬಹುದು ಭಾವ. ಅಂಗಡೀಲಿ ಆಸ್ಪತ್ರೆಯವರು ಕಾಯ್ತಿದಾರೆ. ತಿಂದೂ ಇಳೀತಿದಾಳೆ, ಅಷ್ಟು ನೀರು ಕುಡೀತಾಳೆ..."

"ಹದಿನಾರು ವರ್ಷಕ್ಕೆ ಸಕ್ಕರೆ ಕಾಯಿಲೆಯಾ? ತಲೆ ಕೆಟ್ಟಿದೆಯಾ? ನಾನು ಆರಿಸಿದ ಡಬ್ಬೀಲಿ ಸಕ್ಕರೇನೇ ಇಲ್ಲ! ಶುರುವಲ್ಲಿ ಎಲ್ಲರಿಗೂ ಹೀಗೇ ಆಗೋದು. ನೀನೂ ಹೀಗೇ ಇದ್ದೆ. ನಿನಗೂ ಮೊದಲು ಹೊಟ್ಟೆ ಕೆಟ್ಟಿತ್ತು, ನಾನು ಬಿಟ್ನಾ? ಕುಡಿದೂ ಕುಡಿದೂ ಸರಿಹೋದೆ. ಇವಳಿಗೂ ಇನ್ನೊಂದು ಸ್ಕೂಪ್ ಜಾಸ್ತಿ ಮಾಡಿದ್ರೆ..."

"ನಾನು ಕುಡಿದೇ ಇಲ್ಲ ಭಾವ."

ಭಾವನಿಗೆ ಅರ್ಥವಾಗಲಿಲ್ಲ. ಬಾಯಿ ಅರ್ಧ ತೆರೆದೇ ಇತ್ತು.

"ಮೊದಲ ಎರಡು ದಿನ ಕುಡಿದೆ, ಅಷ್ಟೇ. ಆಮೇಲೆಲ್ಲ ಸಿಂಕಿಗೆ ಹೋಯ್ತು."

"ಮತ್ತೆ ಈ ಮೈ?"

"ಅಕ್ಕನ ಅನ್ನ. ನಾನು ಹಸಿದಿದ್ದೆ ಭಾವ. ಹಸಿದು ಹಸಿದು ಹಾಗಾಗಿದ್ದೆ, ಉಂಡು ಉಂಡು ಹೀಗಾದೆ. ಪುಟ್ಟಿಗೆ ಊಟ ಕಡಿಮೆಯಾಗಿಲ್ಲ. ನಿಮ್ಮ ಪುಡಿಯಿಂದಾನೂ ಆಗಲ್ಲ, ಅಕ್ಕನ ಊಟದಿಂದಾನೂ ಆಗಲ್ಲ. ನನ್ನ ಅಳತೇಲಿ ನೀವು ಅವಳನ್ನ ನೋಡಬೇಡಿ."

ಭುಜದ ಮೇಲಿನ ಕೈ ಸಡಿಲವಾಯಿತು. ಭಾವ ತಲೆಯೆತ್ತಿದ. ಮೇಲಿನ ಮೆಟ್ಟಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಪುಟ್ಟಿಗೆಂದು ಕಲಸಿದ ಮೊಸರನ್ನದ ಬಟ್ಟಲು. "ನಿನಗೆ ಗೊತ್ತಿತ್ತಾ?" ಎಂದ ಭಾವ. ಅಕ್ಕ ತಮ್ಮನನ್ನೇ ದಿಟ್ಟಿಸುತ್ತಿದ್ದಳು. "ನನ್ನ ಊಟದಿಂದಾನೂ ಆಗಲ್ವಾ?" ಎಂದು ಇನ್ಯಾರದೋ ದನಿಯಲ್ಲಿ ಕೇಳಿದಳು.

ಪುಟ್ಟಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಅವಳ ಎದೆ ಏರಿ ಇಳಿಯುತ್ತಿತ್ತು, ಓಟ ಮುಗಿಸಿ ಬಂದವಳ ಹಾಗೆ. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಉಸಿರಲ್ಲಿ ತೀರಾ ಮಾಗಿದ ಹಣ್ಣಿನ ವಾಸನೆ. ಇಷ್ಟನ್ನೂ ಬೆಳಿಗ್ಗೆಯೇ ನೋಡಬಹುದಿತ್ತು. ಭಾವ ಮಾತಿಲ್ಲದೆ ಅವಳನ್ನು ಎತ್ತಿಕೊಂಡ. ಅಷ್ಟು ಹೊತ್ತೂ ವಾದ ಮಾಡಿದವನು, ಮಗಳು ತೋಳಿಗೆ ಬಂದದ್ದೇ, ನಿಂತುಬಿಟ್ಟ. ಜೀವಮಾನವೆಲ್ಲ ಭಾರ ಎತ್ತಿದ ತೋಳುಗಳು. ತೂಕ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಅಯ್ಯೋ ದೇವರೇ, ಏನೂ ಇಲ್ಲವಲ್ಲೋ ಇವಳಲ್ಲಿ," ಎಂದ.

ಜನರ ನಡುವೆಯೇ ಇಳಿದು ಬಂದರು. ಅಂಗಡಿಯ ಸ್ಟೂಲಿನ ಮೇಲೆ ಪುಟ್ಟಿಯನ್ನು ಕೂರಿಸಿ ಮೇಡಂ ಬೆರಳು ಚುಚ್ಚಿದರು. ಒಂದು ಹನಿ ರಕ್ತ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಅಂಕಿ ಬರಬೇಕಾದಲ್ಲಿ ಅಂಕಿ ಬರಲಿಲ್ಲ, ಎರಡು ಅಕ್ಷರ ಬಂದವು. "ಅಳತೆ ಮೀರಿದೆ," ಎಂದರು ಮೇಡಂ. "ಆಟೋ ಬೇಡ, ಕಾರು ಯಾರದಿದೆ? ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿದರು, ಇನ್ಸುಲಿನ್ ಹನಿಹನಿಯಾಗಿ ಬಿಟ್ಟರು, ಗಂಟೆಗೊಮ್ಮೆ ರಕ್ತ ನೋಡಿದರು. ಡಾಕ್ಟರು ಭಾವನನ್ನೂ ಅಕ್ಕನನ್ನೂ ಕೂರಿಸಿಕೊಂಡು ಹೇಳಿದರು. ಮೈಯೇ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿದೆ, ಮಕ್ಕಳಲ್ಲೂ ಬರುವ ಕಾಯಿಲೆ ಇದು. ಯಾರ ತಪ್ಪೂ ಅಲ್ಲ, ಪುಡಿಯಿಂದ ಬಂದದ್ದಲ್ಲ. ತಿಂದದ್ದು ರಕ್ತದಲ್ಲೇ ಉಳಿಯುತ್ತಿತ್ತು, ಮೈಯೊಳಗೆ ಹೋಗುತ್ತಿರಲಿಲ್ಲ. ಅದಕ್ಕೇ ಮೈ ತನ್ನನ್ನು ತಾನೇ ತಿನ್ನುತ್ತಿತ್ತು. ಇನ್ನು ಮುಂದೆ ದಿನವೂ ಚುಚ್ಚುಮದ್ದು, ಮಾಮೂಲಿ ಊಟ, ಮತ್ತೆ ಓಡುತ್ತಾಳೆ.

"ಆದರೆ ಇಷ್ಟು ತಡ ಯಾಕೆ ಮಾಡಿದ್ರಿ?" ಎಂದರು ಡಾಕ್ಟರು. "ಬಾಯಾರಿಕೆ ತಿಂಗಳಿಂದ ಇದೆ ಅಂತೀರಿ. ಅದರ ಮೇಲೆ ದಿನಾ ಆ ಪುಡಿ ಬೇರೆ. ಬೆಂಕಿಗೆ ಸೌದೆ ಹಾಕಿದ ಹಾಗೆ. ಬಾಯಾರಿಕೆ ಸಹಜ ಅಂತ ಯಾರು ಹೇಳಿದ್ದು ನಿಮಗೆ?"

ಅಕ್ಕ ಬಾಗಿಲಲ್ಲಿ ನಿಂತಿದ್ದ ಕಡ್ಡಿಯ ಕಡೆ ನೋಡಲಿಲ್ಲ. ಭಾವನೂ ನೋಡಲಿಲ್ಲ. ನೋಡದಿದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಹೊರಗೆ ಬಂದ ಮೇಲೆ ಭಾವ ಕಾರಿಡಾರಿನ ಕಿಟಕಿಯ ಕಡೆ ಮುಖ ಮಾಡಿ, "ನಾಳೆ ಅಂಗಡಿ ತೆಗಿ," ಎಂದ. "ಬಾಡಿಗೆ ನಿಲ್ಲಲ್ಲವಲ್ಲ." ಕಡ್ಡಿ ಹೂಂ ಎಂದ. ಚಿತ್ರದ ವಿಷಯ ಇಬ್ಬರೂ ಎತ್ತಲಿಲ್ಲ. ತೆಗೆಯುವವನು ಯಾರು, ತೆಗೆದರೆ ಜನಕ್ಕೆ ಏನು ಹೇಳುವುದು, ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಪುಟ್ಟಿಯನ್ನು ವಾರ್ಡಿಗೆ ತಂದರು. ಮುಖಕ್ಕೆ ಒಂದಿಷ್ಟು ಜೀವ ಬಂದಿತ್ತು. ನರ್ಸು ಹೊಟ್ಟೆಯ ಮೇಲೆ ಚುಚ್ಚಿ, "ಈಗ ಊಟ ಮಾಡಬಹುದು" ಎಂದು ಹೋದಳು. ಅಕ್ಕ ಡಬ್ಬ ಬಿಚ್ಚಿದಳು. ಅನ್ನ, ಬೇಳೆ, ಒಂದು ಮೊಟ್ಟೆ. ಅರ್ಧ ಸೌಟು ಬಡಿಸಿ ಅವಳು ನರ್ಸು ಹೋದ ಬಾಗಿಲ ಕಡೆ ನೋಡಿದಳು, ಜೀವನದಲ್ಲಿ ಮೊದಲ ಸಲ ಎಷ್ಟು ಹಾಕಬೇಕೆಂದು ಯಾರನ್ನಾದರೂ ಕೇಳಬೇಕೆನಿಸಿದವಳಂತೆ. ಭಾವ ಕಿಟಕಿಯ ಹತ್ತಿರ ನಿಂತಿದ್ದ.

ಕಡ್ಡಿ ಅಂಗಡಿ ಮುಚ್ಚಿ ನೇರ ಅಲ್ಲಿಗೇ ಬಂದಿದ್ದ. ಮಂಚದ ಪಕ್ಕ ಕೂತು ಅವಳ ತಲೆ ಸವರಿದ.

"ಮಾಮ," ಎಂದಳು ಪುಟ್ಟಿ. "ನೀನು ಅದನ್ನ ಕುಡೀತಾನೇ ಇರಲಿಲ್ವಂತೆ?"

ಯಾರು ಹೇಳಿದರೋ. ಅಥವಾ ಅವತ್ತು ಮೆಟ್ಟಿಲ ಮೇಲಿನ ಮಾತು ಅವಳ ಕಿವಿಗೂ ಬಿದ್ದಿತ್ತೋ ಏನೋ. "ಇಲ್ಲ ಪುಟ್ಟಿ," ಎಂದ.

"ಒಂದು ದಿನಾನೂ?"

"ಎರಡು ದಿನ."

ಅವಳು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಸಿಟ್ಟು ಇರಲಿಲ್ಲ ಅವಳ ಮುಖದಲ್ಲಿ. ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಕುತೂಹಲ ಮಾತ್ರ.

"ನಂಗೆ ವಾಕರಿಕೆ ಬರೋದು. ಆದ್ರೂ ನಿನ್ನ ಮುಖ ನೋಡ್ಕೊಂಡು ಕುಡೀತಿದ್ದೆ. ನೀನೂ ಕುಡಿದಿದೀಯಲ್ಲ ಅಂತ. ಯಾಕೆ ಹೇಳ್ಲಿಲ್ಲ ಮಾಮ?"

"ನಿಮ್ಮಪ್ಪಂಗೆ ಬೇಜಾರಾಗುತ್ತೆ ಅಂತ."

"ಮತ್ತೆ ನಾನು?" ಎಂದಳು ಪುಟ್ಟಿ.

ಕಿಟಕಿಯ ಹತ್ತಿರ ಭಾವನ ಬೆನ್ನು ಒಮ್ಮೆ ಅಲುಗಿತು. ಅಕ್ಕ ಡಬ್ಬದ ಮುಚ್ಚಳ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿದಳು. ಕಡ್ಡಿ ಈ ಸಲ ಗೋಡೆಯತ್ತ ತಿರುಗಲಿಲ್ಲ, ಪುಟ್ಟಿಯ ಮುಖವನ್ನೇ ನೋಡಿದ.